ನಮ್ಮದೇ ದುಡ್ಡಿಗೆ ನಾವೇ ಬಡ್ಡಿ ಕಟ್ಟಬೇಕೇ?

ಹಾವೇರಿ ಜಿಲ್ಲೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಮುಂದೆ ಗೊಬ್ಬರದ ದಾಸ್ತಾನು, ಹಿಂದೆ ಸಭೆಯ ಕೋಣೆ. ಅಂದಿನ ವಿಷಯ 500 ಟನ್ ಹಿಡಿಯುವ ಗೋದಾಮು. ಮೆಕ್ಕೆಜೋಳ ಒಕ್ಕಣೆಯಾದ ಕೂಡಲೇ ಸಿಕ್ಕಿದ ಬೆಲೆಗೆ ಮಾರಿಬಿಡುವ ರೈತರಿಗೆ ಎರಡು ಮೂರು ತಿಂಗಳು ಕಾಯಲು ಒಂದು ಜಾಗ ಬೇಕು ಎಂಬುದು ಬಹುದಿನದ ಬೇಡಿಕೆ. ಸಂಘದ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತಂದಿದ್ದರು. ಖರ್ಚು 50 ಲಕ್ಷ ರೂಪಾಯಿ. ಕಾವಲು, ವಿಮೆ, ಹುಳು ಔಷಧಿ, ದುರಸ್ತಿ ಎಲ್ಲ ಕಳೆದು ವರ್ಷಕ್ಕೆ 5 ಲಕ್ಷ ಉಳಿತಾಯ. ಇಪ್ಪತ್ತು ವರ್ಷ. ಹಾಳೆಯ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ನಿವ್ವಳ ಲಾಭ 40 ಲಕ್ಷ' ಎಂದಿತ್ತು. ಅದಕ್ಕೆ ಬಳಸಿದ ಡಿಸ್ಕೌಂಟ್ ದರ ಶೇಕಡಾ 1.

ಒಂದು ಎಲ್ಲಿಂದ ಬಂತು ಎಂದು ಕೇಳಿದೆ. ಸಾಲದ ಬಡ್ಡಿ ಅಷ್ಟೇ ಎಂದರು. ಅದು ನಿಜವೇ. ಪತ್ತಿನ ಸಂಘಗಳನ್ನು ಬಹುಸೇವಾ ಕೇಂದ್ರಗಳಾಗಿಸುವ ನಬಾರ್ಡ್ ಯೋಜನೆಯಲ್ಲಿ ಶೇಕಡಾ 4ಕ್ಕೆ ಸಾಲ ಸಿಗುತ್ತದೆ. ಅದರ ಮೇಲೆ 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯ ಬಡ್ಡಿ ಸಹಾಯಧನ ಶೇಕಡಾ 3. ಎರಡು ಕೋಟಿ ರೂಪಾಯಿವರೆಗಿನ ಸಾಲಕ್ಕೆ, ಏಳು ವರ್ಷದವರೆಗೆ. ಕಳೆದರೆ ಉಳಿಯುವುದು ಒಂದೇ. ಹಾಗಿದ್ದರೆ ಸಂಘ ತನ್ನ ಕೈಯಿಂದ ಹಾಕುವ 10 ಲಕ್ಷಕ್ಕೆ ಯಾವ ದರ ಎಂದು ಕೇಳಿದಾಗ, ಪಕ್ಕದಲ್ಲಿ ಕುಳಿತಿದ್ದ ಹಿರಿಯ ನಿರ್ದೇಶಕರೊಬ್ಬರು ತಡೆದರು: "ನಮ್ಮದೇ ದುಡ್ಡಿಗೆ ನಾವೇ ಬಡ್ಡಿ ಕಟ್ಟಬೇಕೇ ಸಾರ್?"

ಅವರ ಪ್ರಶ್ನೆಯಲ್ಲಿಯೇ ಈ ಇಡೀ ವಿಷಯವಿದೆ.

ಮೊದಲು ಡಿಸ್ಕೌಂಟ್ ದರ ಎಂದರೇನು ಎಂಬುದನ್ನು ಸರಳವಾಗಿ ಹೇಳಿಬಿಡುತ್ತೇನೆ. ಬಟ್ಟೆ ಅಂಗಡಿಯ ರಿಯಾಯಿತಿಗೂ ಇದಕ್ಕೂ ಸಂಬಂಧವಿಲ್ಲ. ಮುಂದಿನ ವರ್ಷ ಕೈಗೆ ಬರುವ ನೂರು ರೂಪಾಯಿ ಇಂದಿನ ನೂರಕ್ಕೆ ಸಮನಲ್ಲ. ಇಂದು 91 ರೂಪಾಯಿ 74 ಪೈಸೆ ಇದ್ದರೆ ಶೇಕಡಾ 9ರಂತೆ ಬೆಳೆದು ಮುಂದಿನ ವರ್ಷ ಅದೇ ನೂರಾಗುತ್ತದೆ. ಬಡ್ಡಿ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕುವ ಬದಲು ಮುಂದಿನಿಂದ ಹಿಂದಕ್ಕೆ ಹಾಕುವುದೇ ಡಿಸ್ಕೌಂಟ್. ಹೀಗೆ ಮುಂದಿನ ಇಪ್ಪತ್ತು ವರ್ಷದ ಆದಾಯವನ್ನೆಲ್ಲ ಇಂದಿನ ಬೆಲೆಗೆ ಇಳಿಸಿ ಕೂಡಿಸಿ, ಅದರಿಂದ ಖರ್ಚನ್ನು ಕಳೆದರೆ ಸಿಗುವುದು ನಿವ್ವಳ ಇಂದಿನ ಮೌಲ್ಯ. ಸೊನ್ನೆಗಿಂತ ಮೇಲಿದ್ದರೆ ಮಾಡಬಹುದು, ಕೆಳಗಿದ್ದರೆ ಬಿಡಬೇಕು. ಲೆಕ್ಕ ಇಷ್ಟೇ. ಕಷ್ಟವೆಲ್ಲ ಆ ದರ ಯಾವುದು ಎಂಬಲ್ಲಿ.

ಷೇರುಪೇಟೆಯಲ್ಲಿರುವ ಕಂಪನಿಗೆ ಇದಕ್ಕೊಂದು ಸಿದ್ಧ ದಾರಿಯಿದೆ. ಅದರ ಷೇರು ದಿನವೂ ಕೈ ಬದಲಾಗುತ್ತದೆ, ಏರಿಳಿತ ಕಣ್ಣಿಗೆ ಕಾಣುತ್ತದೆ, ಷೇರುದಾರ ಎಷ್ಟು ಗಳಿಕೆ ಬಯಸುತ್ತಾನೆ ಎಂದು ಅದರಿಂದ ಅಂದಾಜು ಮಾಡಬಹುದು. ಸಹಕಾರ ಸಂಘದಲ್ಲಿಯೂ ಷೇರು ಇದೆ, ಆದರೆ ಹೆಸರಿಗೆ ಮಾತ್ರ. ನೂರು ರೂಪಾಯಿಯ ಷೇರು ಮೂವತ್ತು ವರ್ಷದ ನಂತರವೂ ನೂರೇ. ಸದಸ್ಯ ಹೊರಹೋಗುವಾಗ ಮುಖಬೆಲೆ ವಾಪಸು ಪಡೆಯುತ್ತಾನೆಯೇ ಹೊರತು ಸಂಘ ಕಟ್ಟಿದ ಗೋದಾಮಿನಲ್ಲಿ ಅವನಿಗೆ ಪಾಲಿಲ್ಲ. ಹತ್ತು ಷೇರಿದ್ದರೂ ಒಂದೇ ಮತ. ಲಾಭಾಂಶಕ್ಕೆ ಮೇಲ್ಮಿತಿ ಉಂಟು. ಟ್ರಸ್ಟಿನಲ್ಲಂತೂ ಆ ಹೆಸರೂ ಇಲ್ಲ. ಹೀಗಾಗಿ ಪಠ್ಯಪುಸ್ತಕದ ಸೂತ್ರ ಇಲ್ಲಿ ಬಾಗಿಲಲ್ಲೇ ನಿಲ್ಲುತ್ತದೆ. ಸೂತ್ರ ನಿಂತಿತೆಂದರೆ ದರ ಸೊನ್ನೆ ಎಂದಲ್ಲ. ಬಹಳ ಆಡಳಿತ ಮಂಡಳಿಗಳು ಎಡವುವುದು ಇಲ್ಲಿಯೇ.

ಮೀಸಲು ನಿಧಿಯನ್ನೇ ನೋಡಿ. ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆಯಂತೆ ನಿವ್ವಳ ಲಾಭದ ಕನಿಷ್ಠ ಕಾಲು ಭಾಗ ಪ್ರತಿ ವರ್ಷ ಅದಕ್ಕೆ ಹೋಗಬೇಕು. ಹಳೆಯ ಸಂಘಗಳಲ್ಲಿ ಇದು ದೊಡ್ಡ ಮೊತ್ತವಾಗಿ ಬೆಳೆದಿರುತ್ತದೆ. ಯಾರಿಗೂ ಬಡ್ಡಿ ಕೊಡಬೇಕಿಲ್ಲ, ಯಾರೂ ವಾಪಸು ಕೇಳುವುದಿಲ್ಲ. ಯಾರದ್ದೂ ಅಲ್ಲದ ಹಣದಂತೆ ಕಾಣುತ್ತದೆ. ಆದರೆ ನಷ್ಟ ಬಂದ ದಿನ ಮೊದಲು ಕರಗುವುದು ಅದೇ. ಅದು ಕರಗಿದ ಮೇಲೆ ಮುಂದಿನ ಸರದಿ ಠೇವಣಿದಾರರದು. ಪತ್ತಿನ ಸಂಘಗಳ ಠೇವಣಿಗೆ ಬ್ಯಾಂಕುಗಳಿಗಿರುವಂಥ ಠೇವಣಿ ವಿಮೆ ಇಲ್ಲ ಎಂಬುದನ್ನು ಸಂಘದೊಳಗಿನವರೇ ಅನೇಕರು ಮರೆತಿರುತ್ತಾರೆ. ಮಗಳ ಮದುವೆಗೆಂದು ಎರಡು ಲಕ್ಷ ಇಟ್ಟ ಸದಸ್ಯನಿಗೆ ಸಂಘದ ಮೀಸಲು ನಿಧಿಯೇ ವಿಮೆ. ಹಾಗಾಗಿ ಷೇರುದಾರ ಇಲ್ಲದಿದ್ದರೂ ಗಂಡಾಂತರ ಹೊರುವವನು ಇದ್ದೇ ಇದ್ದಾನೆ, ಅವನಿಗೆ ಯಾರೂ ಲಾಭಾಂಶ ಕೊಡುತ್ತಿಲ್ಲ ಅಷ್ಟೇ.

ಆ ಹಿರಿಯರಿಗೆ ನಾನು ಹೇಳಿದ ಉತ್ತರ ಇದು: ಬಡ್ಡಿ ಕಟ್ಟಬೇಕಿಲ್ಲ. ಆದರೆ ಆ ದುಡ್ಡು ಗೋದಾಮಿಗೆ ಹೋಗದಿದ್ದರೆ ಎಲ್ಲಿ ಇರುತ್ತಿತ್ತು, ಅಲ್ಲಿ ಏನು ದುಡಿಯುತ್ತಿತ್ತು ಎಂಬುದನ್ನು ಲೆಕ್ಕದಲ್ಲಿ ಕಾಣಿಸಬೇಕು. ಹೊಲವನ್ನು ಸ್ವಂತ ಸಾಗುವಳಿ ಮಾಡುವವರು ಲಾವಣಿಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂದು ಮನಸ್ಸಿನಲ್ಲೇ ಹೋಲಿಸುವುದಿಲ್ಲವೇ, ಹಾಗೆ.

ಒಂಬತ್ತು ಬಂದ ಬಗೆ

ಈ ಸಂಘದಲ್ಲಿ ದುಡ್ಡಿಗೆ ಮೂರು ದಾರಿ ಇದ್ದವು. ಸುಲಭಕ್ಕೆಂದು ಅಂಕಿಗಳನ್ನು ಸ್ವಲ್ಪ ಉರುಟು ಮಾಡಿ ಹೇಳುತ್ತಿದ್ದೇನೆ. ಒಂದು, ಡಿಸಿಸಿ ಬ್ಯಾಂಕಿನಲ್ಲಿ ಠೇವಣಿ, ಶೇಕಡಾ 7. ಎರಡು, ಸದಸ್ಯರಿಗೆ ಚಿನ್ನಾಭರಣದ ಮೇಲೆ ಸಾಲ, ಶೇಕಡಾ 11. ಮೂರು, ಸದಸ್ಯರಿಂದ ಪಡೆದ ಠೇವಣಿಗೆ ತಾನೇ ಕೊಡುವ ಬಡ್ಡಿ, ಶೇಕಡಾ 8. ಹಣ ಹೆಚ್ಚಾದರೆ ಇಂಥ ಠೇವಣಿಯನ್ನು ಕಡಿಮೆ ಮಾಡಬಹುದು ಎಂಬ ಅರ್ಥದಲ್ಲಿ ಇದೂ ಒಂದು ದಾರಿಯೇ.

ಯಾವುದನ್ನು ಆರಿಸಬೇಕು? ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ಸಂಘದ ನಗದು ವಹಿಯಲ್ಲಿದೆ. ಹಿಂದಿನ ಎರಡು ವರ್ಷದ ವಹಿಯನ್ನು ತಿಂಗಳುವಾರು ನೋಡಿದೆವು. ಮಾರ್ಚಿನಿಂದ ಅಕ್ಟೋಬರಿನವರೆಗೆ, ಅಂದರೆ ಮದುವೆಗಳ ಕಾಲ, ಬಿತ್ತನೆ, ಶಾಲೆಯ ಫೀಸು ಎಲ್ಲ ಸೇರಿದ ಎಂಟು ತಿಂಗಳು, ಚಿನ್ನದ ಸಾಲ ಕೇಳಿ ಬಂದವರಿಗೆಲ್ಲ ಕೊಡಲು ಸಂಘದ ಬಳಿ ಹಣ ಸಾಲುತ್ತಿರಲಿಲ್ಲ. ಮುಂದಿನ ವಾರ ಬನ್ನಿ ಎಂದು ಕಳುಹಿಸುತ್ತಿದ್ದರು. ಹೋದವರು ಪೇಟೆಯ ಖಾಸಗಿ ಚಿನ್ನದ ಸಾಲದ ಅಂಗಡಿಗೆ ಹೋಗುತ್ತಿದ್ದರು. ಮೆಕ್ಕೆಜೋಳದ ದುಡ್ಡು ಬಂದು ಸಾಲಗಳು ಮರುಪಾವತಿಯಾದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ, ಹಣ ಕೂಡಿಬಿದ್ದು ಡಿಸಿಸಿ ಬ್ಯಾಂಕಿಗೆ ಹೋಗುತ್ತಿತ್ತು.

ಹಾಗಾದರೆ ಗೋದಾಮಿಗೆ ಹಾಕಿದ ಪ್ರತಿ ರೂಪಾಯಿ ಎಂಟು ತಿಂಗಳು ಚಿನ್ನದ ಸಾಲವನ್ನೂ ನಾಲ್ಕು ತಿಂಗಳು ಬ್ಯಾಂಕಿನ ಠೇವಣಿಯನ್ನೂ ಕಳೆದುಕೊಳ್ಳುತ್ತದೆ. ಚಿನ್ನದ ಸಾಲದ 11ರಲ್ಲಿ ತೂಕ ನೋಡುವವನ ಕೂಲಿ, ತಿಜೋರಿಯ ವಿಮೆ, ಒಮ್ಮೊಮ್ಮೆ ಬರುವ ನಕಲಿ ಸರ, ಇವೆಲ್ಲಕ್ಕೆ ಒಂದನ್ನು ಕಳೆದು 10 ಎಂದಿಟ್ಟುಕೊಂಡೆವು. ಎಂಟು ತಿಂಗಳಿಗೆ 10, ನಾಲ್ಕು ತಿಂಗಳಿಗೆ 7. ಸರಾಸರಿ ಸರಿಯಾಗಿ 9. ಇಷ್ಟು ಅಚ್ಚುಕಟ್ಟಾಗಿ ಬರುವುದು ಅಪರೂಪ. ಎಂಟೂವರೆ ಬಂದಿದ್ದರೂ ಒಂಬತ್ತೂವರೆ ಬಂದಿದ್ದರೂ ನಾನು ಅದರ ಮೇಲೆ ಜಗಳ ತೆಗೆಯುತ್ತಿರಲಿಲ್ಲ. ಒಂದಕ್ಕೂ ಒಂಬತ್ತಕ್ಕೂ ಇರುವ ಅಂತರ ಮಾತ್ರ ಜಗಳಕ್ಕೆ ಯೋಗ್ಯ.

ಇದೇ ತಾಲ್ಲೂಕಿನ ಇನ್ನೊಂದು ಸಂಘದಲ್ಲಿ ವರ್ಷವಿಡೀ ಹಣ ಮಿಕ್ಕು ಬ್ಯಾಂಕಿನಲ್ಲಿ ಕೊಳೆಯುತ್ತಿದ್ದರೆ ಅದರ ದರ 7ರ ಹತ್ತಿರ ಇರಬೇಕು. ಸಾಲಕ್ಕೆ ವರ್ಷವಿಡೀ ಸಾಲು ನಿಲ್ಲುವಲ್ಲಿ 10. ಹಾಗಾಗಿ 'ಸಹಕಾರ ಸಂಘಗಳಿಗೆ ಇಷ್ಟು' ಎಂದು ಎಲ್ಲರಿಗೂ ಒಪ್ಪುವ ಅಂಕಿ ಇರಲು ಸಾಧ್ಯವಿಲ್ಲ.

ಲೆಕ್ಕಪರಿಶೋಧಕರು ಸೂಚಿಸುವ ಇನ್ನೊಂದು ದಾರಿ ಉಂಟು. ಸಂಘದ ಎಲ್ಲ ಬಂಡವಾಳದ ಸರಾಸರಿ ವೆಚ್ಚ. ಷೇರಿಗೆ ಇಷ್ಟು, ಠೇವಣಿಗೆ 8, ಮೀಸಲು ನಿಧಿಗೆ ಸೊನ್ನೆ, ಸಾಲಕ್ಕೆ ಇಷ್ಟು, ಎಲ್ಲ ಕೂಡಿಸಿ ತೂಕದಂತೆ ಭಾಗಿಸಿದರೆ ನಾಲ್ಕೋ ಐದೋ ಬರುತ್ತದೆ. ನೋಡಲು ಶಾಸ್ತ್ರೀಯ. ಆದರೆ ಸೊನ್ನೆಯನ್ನು ಸರಾಸರಿಯ ಒಳಗೆ ಬಚ್ಚಿಟ್ಟಿದ್ದೇವೆ ಅಷ್ಟೇ. ಅದರಲ್ಲಿಯೂ ವಿಚಿತ್ರ, ಸಂಘ ಹಳೆಯದಾದಷ್ಟು, ಮೀಸಲು ನಿಧಿ ಬೆಳೆದಷ್ಟು, ಈ ಸರಾಸರಿ ಇಳಿಯುತ್ತ ಹೋಗುತ್ತದೆ. ಅಜ್ಜಂದಿರು ಉಳಿಸಿಟ್ಟಷ್ಟೂ ಮೊಮ್ಮಕ್ಕಳು ಹಗುರವಾಗಿ ಖರ್ಚು ಮಾಡಬಹುದು ಎಂದಂತಾಯಿತು. ಕಂಪನಿಗಳು ಸಾಲದ ಬಡ್ಡಿಯಲ್ಲಿ ತೆರಿಗೆಯ ಉಳಿತಾಯವನ್ನು ಕಳೆಯುವ ಪದ್ಧತಿಯೂ ಇಲ್ಲಿ ನಡೆಯುವುದಿಲ್ಲ. ಕೃಷಿ ಉತ್ಪನ್ನ ಇಡುವ ಗೋದಾಮಿನ ಬಾಡಿಗೆಗೆ ಸಹಕಾರ ಸಂಘಗಳಿಗೆ ಆದಾಯ ತೆರಿಗೆಯ ವಿನಾಯಿತಿ ಮೊದಲಿನಿಂದಲೂ ಇದೆ. ಕಟ್ಟದ ತೆರಿಗೆಯಲ್ಲಿ ಉಳಿತಾಯವೆಲ್ಲಿಂದ?

ಅಗ್ಗದ ಸಾಲ ಎಲ್ಲಿ ಹೋಯಿತು

ಈಗ ಶೇಕಡಾ 9ರಲ್ಲಿ ಅದೇ ಹಾಳೆಯನ್ನು ಮತ್ತೆ ಹಾಕೋಣ. ವರ್ಷಕ್ಕೆ 5 ಲಕ್ಷದಂತೆ ಇಪ್ಪತ್ತು ವರ್ಷದ ಇಂದಿನ ಮೌಲ್ಯ 45.6 ಲಕ್ಷ. ಖರ್ಚು 50. ಅಂದರೆ 40 ಲಕ್ಷದ ಲಾಭವಿದ್ದ ಜಾಗದಲ್ಲಿ 4.4 ಲಕ್ಷದ ಕೊರತೆ. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅಧ್ಯಕ್ಷರ ಮುಖ ನನ್ನನ್ನು ಏಕೆ ಕರೆಸಿದೆವೋ ಎನ್ನುವಂತಿತ್ತು.

ಆದರೆ ಆ ಹಾಳೆಯಲ್ಲಿ ಅವರಿಗೆ ವಿರುದ್ಧವಾದ ತಪ್ಪೂ ಒಂದಿತ್ತು. ಇಪ್ಪತ್ತು ವರ್ಷವೂ ಬಾಡಿಗೆ ಇಂದಿನಷ್ಟೇ ಎಂದು ಹಿಡಿದಿದ್ದರು. ಒಂಬತ್ತು ಎಂಬ ದರದೊಳಗೆ ಬೆಲೆ ಏರಿಕೆ ಸೇರಿಕೊಂಡಿದೆ. ಬ್ಯಾಂಕು 7 ಕೊಡುವುದೂ ಸಂಘ 11 ಕೇಳುವುದೂ ರೂಪಾಯಿಯ ಬೆಲೆ ವರ್ಷವರ್ಷ ಇಳಿಯುತ್ತದೆ ಎಂಬ ಲೆಕ್ಕದ ಮೇಲೆಯೇ. ರಿಸರ್ವ್ ಬ್ಯಾಂಕಿನ ಗುರಿ ಶೇಕಡಾ 4ರ ಹಣದುಬ್ಬರ. ದರದಲ್ಲಿ ಹಣದುಬ್ಬರ ಇಟ್ಟು ಆದಾಯದಲ್ಲಿ ಬಿಟ್ಟರೆ ಒಂದು ತಟ್ಟೆಗೆ ಮಾತ್ರ ಕಲ್ಲು ಹಾಕಿ ತೂಗಿದಂತೆ. ಎರಡರಲ್ಲಿಯೂ ಇಡಬೇಕು, ಇಲ್ಲವೇ ಎರಡರಿಂದಲೂ ತೆಗೆಯಬೇಕು. ತೆಗೆಯುವುದಾದರೆ 9ರಿಂದ 4 ಕಳೆದು 5 ಎನ್ನುವುದು ಬಾಯಿಲೆಕ್ಕ, 1.09ನ್ನು 1.04ರಿಂದ ಭಾಗಿಸಿದರೆ ಸಿಗುವ 4.8 ಸರಿಯಾದ ಲೆಕ್ಕ.

ಬಾಡಿಗೆ ಪ್ರತಿ ವರ್ಷ ಶೇಕಡಾ 4ರಂತೆ ಏರುತ್ತದೆ ಎಂದರೆ ನಿವ್ವಳ ಮೌಲ್ಯ 13.3 ಲಕ್ಷ ಲಾಭ ತೋರಿಸುತ್ತದೆ. ನನಗೆ ಅದೂ ನಂಬಿಕೆಯಾಗಲಿಲ್ಲ. ಗೋದಾಮಿನ ಬಾಡಿಗೆ ವರ್ಷವರ್ಷ ಏರುವುದಿಲ್ಲ, ನಾಲ್ಕೈದು ವರ್ಷ ಒಂದೇ ಕಡೆ ನಿಂತು ಒಮ್ಮೆ ಏರುತ್ತದೆ. ಕಾವಲುಗಾರನ ಸಂಬಳ ಮಾತ್ರ ಕಾಯುವುದಿಲ್ಲ. ಎರಡನ್ನೂ ಸೇರಿಸಿ ಉಳಿತಾಯ ವರ್ಷಕ್ಕೆ ಶೇಕಡಾ 2ರಂತೆ ಏರಬಹುದು ಎಂದು ಒಪ್ಪಿಕೊಂಡೆವು. ಆಗ ಇಂದಿನ ಮೌಲ್ಯ 53.5 ಲಕ್ಷ. ನಿವ್ವಳ 3.5 ಲಕ್ಷ ಲಾಭ. ತೆಳುವಾದದ್ದು, ಆದರೆ ಲಾಭವೇ.

ಕಂಪ್ಯೂಟರಿನಲ್ಲಿ ಹಾಕುವವರಿಗೆ ಒಂದು ಮಾತು. ಮೊದಲ ದಿನದ ಖರ್ಚು B2 ಕೋಶದಲ್ಲಿ ಋಣ ಸಂಖ್ಯೆಯಾಗಿ, ಇಪ್ಪತ್ತು ವರ್ಷದ ಆದಾಯ ಅದರ ಕೆಳಗೆ ಇದ್ದರೆ ಬರೆಯಬೇಕಾದದ್ದು ಹೀಗೆ:

```
=B2+NPV(9%,B3:B22)
```

B2ವನ್ನೂ ಆವರಣದೊಳಗೆ ಸೇರಿಸಿದರೆ ಇಂದೇ ಕೊಡುವ ಖರ್ಚನ್ನು ಒಂದು ವರ್ಷ ಮುಂದೂಡಿದಂತಾಗಿ ಮೊತ್ತ ತಪ್ಪುತ್ತದೆ. ಲಾಭವೋ ನಷ್ಟವೋ ಎಂಬ ಚಿಹ್ನೆ ಬದಲಾಗುವುದಿಲ್ಲವಾದ್ದರಿಂದ ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟಾದ ಮೇಲೆ ಅಗ್ಗದ ಸಾಲದ ಲಾಭ ಎಲ್ಲಿ ಹೋಯಿತು ಎಂದು ಕೇಳಬಹುದು. ಎಲ್ಲಿಯೂ ಹೋಗಿಲ್ಲ, ಅದರ ಜಾಗ ಬೇರೆ. ಸರ್ಕಾರ ಕೊಡುವ ಕಡಿಮೆ ಬಡ್ಡಿ ಒಂದು ಉಡುಗೊರೆ. ಉಡುಗೊರೆಯ ಬೆಲೆಯನ್ನು ಪ್ರತ್ಯೇಕವಾಗಿ ಕಟ್ಟಬೇಕು. 40 ಲಕ್ಷ ಸಾಲವನ್ನು ಏಳು ಸಮಾನ ಕಂತಿನಲ್ಲಿ ಶೇಕಡಾ 1ರ ಬಡ್ಡಿಯೊಂದಿಗೆ ತೀರಿಸುತ್ತೇವೆ ಎಂದುಕೊಳ್ಳಿ. ಆ ಏಳು ವರ್ಷದ ಅಸಲು ಮತ್ತು ಬಡ್ಡಿಯನ್ನು ನಮ್ಮದೇ ಶೇಕಡಾ 9ರಲ್ಲಿ ಇಂದಿನ ಬೆಲೆಗೆ ಇಳಿಸಿದರೆ 30 ಲಕ್ಷ ಆಗುತ್ತದೆ. ಇಂದು ಕೈಗೆ ಬಂದದ್ದು 40, ವಾಪಸು ಕೊಡುವುದರ ಇಂದಿನ ಬೆಲೆ 30. ಉಡುಗೊರೆ 10 ಲಕ್ಷ.

ಈಗ ಇಡೀ ಚಿತ್ರ ಕಾಣುತ್ತದೆ. ಗೋದಾಮು ತನ್ನ ಕಾಲ ಮೇಲೆ ನಿಂತರೆ ಮೂರೂವರೆ ಲಕ್ಷ, ಸರ್ಕಾರದ ಕೊಡುಗೆ ಹತ್ತು ಲಕ್ಷ, ಒಟ್ಟು ಹದಿಮೂರೂವರೆ. ಮೊದಲಿನ ಹಾಳೆ ಹೇಳಿದ್ದು ನಲವತ್ತು. ಅದಕ್ಕಿಂತ ಮುಖ್ಯ, ಯಾವುದು ನಮ್ಮ ದುಡಿಮೆ, ಯಾವುದು ಸರ್ಕಾರದ ಕೊಡುಗೆ ಎಂಬುದು ಬೇರೆಬೇರೆಯಾಗಿ ಕಂಡಿತು. ಸಾಲದ ಬಡ್ಡಿಯನ್ನೇ ದರವಾಗಿ ಬಳಸಿದಾಗ ಕೊಡುಗೆ ಏಳು ವರ್ಷಕ್ಕೆ ಮುಗಿಯುವುದಿಲ್ಲ, ಇಪ್ಪತ್ತನೆಯ ವರ್ಷದ ಆದಾಯಕ್ಕೂ ಅಂಟಿಕೊಳ್ಳುತ್ತದೆ, ಸಂಘದ ಸ್ವಂತ ಹತ್ತು ಲಕ್ಷಕ್ಕೂ ಅಂಟಿಕೊಳ್ಳುತ್ತದೆ. ಇದೇ ಕಾರಣಕ್ಕೆ ರಾಜ್ಯ ಸರ್ಕಾರದ ಶೂನ್ಯ ಬಡ್ಡಿಯ ಬೆಳೆ ಸಾಲವನ್ನು ತೋರಿಸಿ 'ನಮಗೆ ದುಡ್ಡು ಪುಕ್ಕಟೆ' ಎನ್ನುವುದೂ ತಪ್ಪು. ಆ ಹಣ ಬೆಳೆಗೆ ಮಾತ್ರ, ಗೋದಾಮಿನ ಇಟ್ಟಿಗೆಗೆ ಅಲ್ಲ.

ಒಂದು ವಿಷಯವನ್ನು ಈ ಲೆಕ್ಕ ಹೇಳುವುದಿಲ್ಲ, ಅದನ್ನು ಪಕ್ಕದ ಹಾಳೆಯಲ್ಲಿ ಬರೆಯಬೇಕು. ಮೊದಲ ವರ್ಷದ ಕಂತು ಬಡ್ಡಿ ಸೇರಿ 6.1 ಲಕ್ಷ. ಗೋದಾಮಿನ ಉಳಿತಾಯ 5.1 ಲಕ್ಷ. ಏಳು ವರ್ಷದಲ್ಲಿ ಒಟ್ಟು 3.7 ಲಕ್ಷದಷ್ಟನ್ನು ಸಂಘ ಬೇರೆ ಕಡೆಯಿಂದ ತುಂಬಬೇಕು. ಯೋಜನೆ ಲಾಭದ್ದೇ ಆಗಿದ್ದರೂ ಕಂತಿನ ದಿನ ಪೆಟ್ಟಿಗೆಯಲ್ಲಿ ದುಡ್ಡಿಲ್ಲದೆ ಸುಸ್ತಿದಾರನಾಗಬಹುದು. ಸುಸ್ತಿಯಾದರೆ ಬಡ್ಡಿ ಸಹಾಯಧನಕ್ಕೂ ಕುತ್ತು.

ಗಂಡಾಂತರವನ್ನು ದರಕ್ಕೆ ತುರುಕುವುದು

ಗೋದಾಮು ಬ್ಯಾಂಕಿನ ಠೇವಣಿಯಷ್ಟು ಭದ್ರವಲ್ಲ, ಕೈಯಲ್ಲಿ ಚಿನ್ನ ಇಟ್ಟುಕೊಂಡು ಕೊಟ್ಟ ಸಾಲದಷ್ಟೂ ಭದ್ರವಲ್ಲ. ಹಾಗಾಗಿ 9ರ ಮೇಲೆ ಇನ್ನೊಂದು ಮೂರು ಸೇರಿಸಿ 12 ಮಾಡಿಬಿಡೋಣ ಎಂದು ಒಬ್ಬ ನಿರ್ದೇಶಕರು ಹೇಳಿದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಚ್ಚರಿಕೆಯ ಮಾತೇ, ಆದರೆ ನಾನು ಒಪ್ಪಲಿಲ್ಲ.

ಈ ಗೋದಾಮಿನ ನಿಜವಾದ ಗಂಡಾಂತರ ಏನು? ತುಂಬದೆ ಖಾಲಿ ಉಳಿಯುವುದು. ಅದು ಯಾವಾಗ ಹೆಚ್ಚು? ಮೊದಲ ಎರಡು ಮೂರು ವರ್ಷ, ರೈತರಿಗೆ ರೂಢಿಯಾಗುವ ಮೊದಲು. ದರವನ್ನು 9ರಿಂದ 12ಕ್ಕೆ ಏರಿಸಿದಾಗ ಏನಾಗುತ್ತದೆ ನೋಡಿ. ಮೊದಲ ವರ್ಷದ ಒಂದು ರೂಪಾಯಿ 92 ಪೈಸೆಯಿಂದ 89 ಪೈಸೆಗೆ ಇಳಿಯುತ್ತದೆ, ಏನೂ ಅಲ್ಲ. ಇಪ್ಪತ್ತನೆಯ ವರ್ಷದ ರೂಪಾಯಿ 18 ಪೈಸೆಯಿಂದ 10 ಪೈಸೆಗೆ ಬೀಳುತ್ತದೆ. ತಪ್ಪು ಮಾಡುವುದು ಮೊದಲ ವರ್ಷ, ಶಿಕ್ಷೆ ಇಪ್ಪತ್ತನೆಯ ವರ್ಷಕ್ಕೆ. ಮೇಲಾಗಿ, ದರದೊಳಗೆ ಹೋದ ಭಯ ಅಲ್ಲೇ ಹೂತುಹೋಗುತ್ತದೆ. ಮೂರು ಯಾಕೆ, ಯಾವುದರ ಭಯಕ್ಕೆ ಎಂದು ಮುಂದಿನ ಮಂಡಳಿಗೆ ಯಾರೂ ಹೇಳಲಾರರು.

ಅದರ ಬದಲು ಆದಾಯದ ಸಾಲಿನಲ್ಲಿಯೇ ಭಯವನ್ನು ಬರೆಯಿರಿ. ಗೋದಾಮು ಅಂದುಕೊಂಡಷ್ಟು ತುಂಬದೆ ಉಳಿತಾಯ 5 ಲಕ್ಷದ ಬದಲು 4.2 ಲಕ್ಷಕ್ಕೆ ನಿಂತರೆ? ಅದೇ ಶೇಕಡಾ 9, ಅದೇ ಶೇಕಡಾ 2ರ ಏರಿಕೆ. ಇಂದಿನ ಮೌಲ್ಯ 45 ಲಕ್ಷ, ಐದು ಲಕ್ಷದ ಕೊರತೆ. ಸರ್ಕಾರದ ಕೊಡುಗೆ ಸೇರಿಸಿದರೆ ಐದು ಲಕ್ಷ ಉಳಿಯುತ್ತದೆ. ಅಂದರೆ ಗೋದಾಮು ಬದುಕುತ್ತದೆ, ಆದರೆ ಕೊಡುಗೆಯ ಬಲದಿಂದ. ಸಹಾಯಧನ ಮಂಜೂರಾಗುವ ಮೊದಲೇ ತಳಪಾಯ ತೋಡಬಾರದು ಎಂಬ ತೀರ್ಮಾನ ಈ ಒಂದು ಸಾಲಿನಿಂದ ಬಂತು. ದರವನ್ನು 12 ಮಾಡಿದ್ದರೆ ಅದು ಬರುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಎಳೆ ಇದೆ. ಹಣ ಮೀಸಲು ನಿಧಿಯಿಂದ ಬಾರದೆ ಸದಸ್ಯರಿಗೆ ಸೇರಬೇಕಾದದ್ದನ್ನು ತಡೆದು ಬಂದರೆ ಏನು ಮಾಡಬೇಕು? ಹಾಲು ಉತ್ಪಾದಕರ ಸಂಘಗಳಲ್ಲಿ ಇದು ಸಾಮಾನ್ಯ. ವರ್ಷದ ಕೊನೆಯ ಬೋನಸ್ ಕಡಿಮೆ ಮಾಡಿ ಕಟ್ಟಡ ಕಟ್ಟುತ್ತಾರೆ. ಆಗ ದುಡ್ಡಿನ ಇನ್ನೊಂದು ದಾರಿ ಬ್ಯಾಂಕಲ್ಲ, ಸದಸ್ಯನ ಮನೆ. ಅವನು ಕೈಸಾಲಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕಟ್ಟುತ್ತಿದ್ದರೆ, ಅಂದರೆ ತಿಂಗಳಿಗೆ ಎರಡು, ವರ್ಷಕ್ಕೆ 24, ತಡೆದ ಬೋನಸ್ಸಿನ ಬೆಲೆ ಅವನಿಗೆ ಅಷ್ಟು. ಎಲ್ಲ ಸದಸ್ಯರೂ ಹಾಗಿಲ್ಲ, ಕೆಲವರ ದುಡ್ಡು ಉಳಿತಾಯ ಖಾತೆಯಲ್ಲೇ ಮಲಗಿರುತ್ತದೆ. ಎಪ್ಪತ್ತರ ಸದಸ್ಯನಿಗೆ ಇಪ್ಪತ್ತು ವರ್ಷದ ಕಟ್ಟಡದಿಂದ ಏನು ಬರಬೇಕು, ಅವನ ಷೇರು ಮುಖಬೆಲೆಗೇ ವಾಪಸಾಗುವುದು. ಮಹಾಸಭೆಯಲ್ಲಿ 'ಮೊದಲು ಬೋನಸ್ ಕೊಡಿ' ಎಂದು ಕೂಗುವವರನ್ನು ದೂರದೃಷ್ಟಿ ಇಲ್ಲದವರು ಎಂದು ಮಂಡಳಿಯವರು ಗೊಣಗುತ್ತಾರೆ. ಆ ಕೂಗು ಅವರ ಡಿಸ್ಕೌಂಟ್ ದರವೇ. ಇಂಥ ಯೋಜನೆಗೆ ಶೇಕಡಾ 9 ಸಾಲದು. ಇಷ್ಟೇ ಎಂದು ನಿಖರವಾಗಿ ಹೇಳಲಾಗದಿದ್ದರೂ, 15ರಲ್ಲಿ ಒಮ್ಮೆ ಹಾಕಿ ನೋಡಿ ನಷ್ಟ ಬಂದರೆ ಬೋನಸ್ಸಿಗೆ ಕೈ ಹಾಕಬೇಡಿ ಎನ್ನುತ್ತೇನೆ.

ಟ್ರಸ್ಟಿನ ಲೆಕ್ಕ

ಟ್ರಸ್ಟಿನಲ್ಲಿ ಪ್ರಶ್ನೆ ಬೇರೆ ಮುಖ ತೋರಿಸುತ್ತದೆ. ಅಲ್ಲಿ ಹಣದ ದಾರಿಗಳು ಮೊದಲೇ ಕಿರಿದಾಗಿವೆ. ಧರ್ಮಾರ್ಥ ಟ್ರಸ್ಟುಗಳು ಹಣವನ್ನು ಎಲ್ಲೆಲ್ಲಿ ತೊಡಗಿಸಬಹುದು ಎಂದು ಆದಾಯ ತೆರಿಗೆ ಕಾನೂನೇ ಪಟ್ಟಿ ಕೊಟ್ಟಿದೆ. ಬ್ಯಾಂಕ್ ಠೇವಣಿ, ಅಂಚೆ ಕಚೇರಿ, ಸರ್ಕಾರಿ ಸಾಲಪತ್ರ ಇತ್ಯಾದಿ. ಹಾಗಾಗಿ ಆರಂಭದ ದರ ಹೆಚ್ಚುಕಡಿಮೆ ದೀರ್ಘಾವಧಿ ಠೇವಣಿ ಅಥವಾ ಸಾಲಪತ್ರದ ದರವೇ. ಕಷ್ಟ ಬರುವುದು ಶಾಶ್ವತ ಎಂಬ ಪದದಿಂದ.

ನಮ್ಮ ಶಾಲಾ ಕಾಲೇಜುಗಳ ದತ್ತಿ ಬಹುಮಾನಗಳನ್ನು ನೆನಪಿಸಿಕೊಳ್ಳಿ. ತಂದೆಯ ಹೆಸರಿನಲ್ಲಿ ಒಬ್ಬರು ದತ್ತಿ ಇಟ್ಟಿರುತ್ತಾರೆ, ಬಡ್ಡಿಯಲ್ಲಿ ಪ್ರತಿ ವರ್ಷ ಒಂದು ಪದಕ. ಕೆಲವು ವರ್ಷದಲ್ಲಿ ಚಿನ್ನದ ಪದಕ ಚಿನ್ನದ ಲೇಪನವಾಗುತ್ತದೆ, ಆಮೇಲೆ ಪ್ರಮಾಣಪತ್ರ, ಕೊನೆಗೆ ವೇದಿಕೆಯಲ್ಲಿ ಹೆಸರು ಓದುವುದಷ್ಟೇ ಉಳಿಯುತ್ತದೆ. ಅಲ್ಲಿ ಆದದ್ದು ದರದ ತಪ್ಪು. ಬಡ್ಡಿಯನ್ನೆಲ್ಲ ಆದಾಯ ಎಂದು ತಿಳಿದರು, ಅದರಲ್ಲಿ ಒಂದು ಪಾಲು ಅಸಲಿನ ಸವಕಳಿಯನ್ನು ತುಂಬಲು ಬಂದದ್ದು ಎಂದು ನೋಡಲಿಲ್ಲ.

ಒಬ್ಬ ವಿದ್ಯಾರ್ಥಿಯ ಕಾಲೇಜು ಶುಲ್ಕ ವರ್ಷಕ್ಕೆ 20,000 ರೂಪಾಯಿ, ಅದನ್ನು ಎಂದೆಂದಿಗೂ ಕಟ್ಟಬೇಕು ಎಂದರೆ ಎಷ್ಟು ದತ್ತಿ ಬೇಕು? ಠೇವಣಿ ಶೇಕಡಾ 7 ಎಂದು 20,000ವನ್ನು 0.07ರಿಂದ ಭಾಗಿಸಿದರೆ 2.86 ಲಕ್ಷ. ಟ್ರಸ್ಟು ದಾನಿಗೆ ಸಾಮಾನ್ಯವಾಗಿ ಹೇಳುವ ಮೊತ್ತ ಇದು. ಆದರೆ ಶುಲ್ಕ ವರ್ಷಕ್ಕೆ ಶೇಕಡಾ 5 ಏರುತ್ತಿದ್ದರೆ ಬಳಸಬೇಕಾದ ದರ 7 ಅಲ್ಲ, ಎರಡರ ನಡುವಿನ 2. 20,000ವನ್ನು 0.02ರಿಂದ ಭಾಗಿಸಿ: 10 ಲಕ್ಷ. ಮೂರೂವರೆ ಪಟ್ಟು. ಇಲ್ಲಿ ಕಳೆಯಬೇಕಾದದ್ದು ದೇಶದ ಸಾಮಾನ್ಯ ಹಣದುಬ್ಬರವನ್ನಲ್ಲ, ಟ್ರಸ್ಟು ಯಾವುದಕ್ಕೆ ಖರ್ಚು ಮಾಡುತ್ತದೋ ಅದರ ಬೆಲೆ ಏರಿಕೆಯನ್ನು. ಶಾಲೆ ನಡೆಸುವವರಿಗೆ ಶಿಕ್ಷಕರ ಸಂಬಳ, ಆಸ್ಪತ್ರೆಗೆ ಔಷಧಿ, ಅನ್ನದಾನಕ್ಕೆ ಅಕ್ಕಿ ಬೇಳೆ. ಇದೇ ಶುಲ್ಕ ಶೇಕಡಾ 7ರಂತೆಯೇ ಏರಿದರೆ ಭಾಗಿಸಲು ಸೊನ್ನೆ ಉಳಿಯುತ್ತದೆ, ಎಷ್ಟು ದತ್ತಿ ಇಟ್ಟರೂ ಶಾಶ್ವತವಾಗದು. ಅಂಥಲ್ಲಿ ದಾನಿಗೆ 'ಇಪ್ಪತ್ತು ವರ್ಷ ನಡೆಸುತ್ತೇವೆ' ಎಂದು ಬರೆದುಕೊಡುವುದು ಪ್ರಾಮಾಣಿಕ.

ಓದಿಕೊಂಡ ಟ್ರಸ್ಟಿಗಳು ಕೆಲವೊಮ್ಮೆ ಬ್ರಿಟನ್ ಸರ್ಕಾರ ತನ್ನ ಯೋಜನೆಗಳಿಗೆ ಬಳಸುವ ಶೇಕಡಾ 3.5ನ್ನು ತೋರಿಸುತ್ತಾರೆ. ನಾವೂ ಸಮಾಜದ ಒಳಿತಿಗೆ ದುಡಿಯುವವರು, ನಮಗೂ ಸಾಮಾಜಿಕ ದರ ಸಾಕು ಎಂಬ ವಾದ. ಆ 3.5 ಹಣದುಬ್ಬರ ಕಳೆದ ದರ, ಅದನ್ನು ನಮ್ಮ ರೂಪಾಯಿ ಲೆಕ್ಕಕ್ಕೆ ನೇರವಾಗಿ ತರಲಾಗದು. ಅದೂ ಅಲ್ಲದೆ ಸರ್ಕಾರಕ್ಕೆ ತೆರಿಗೆ ಹಾಕುವ ಶಕ್ತಿಯಿದೆ, ಒಂದು ಯೋಜನೆ ಕೆಟ್ಟರೆ ಕೋಟ್ಯಂತರ ಜನರ ಮೇಲೆ ಹಂಚಿಹೋಗುತ್ತದೆ. ನಲವತ್ತು ಹಾಸಿಗೆಯ ಆಸ್ಪತ್ರೆ ನಡೆಸುವ ಟ್ರಸ್ಟಿಗೆ ಆ ಸೌಕರ್ಯವಿಲ್ಲ. ಯೋಜನೆಯಿಂದ ಬಡವರಿಗೆ ಆಗುವ ಉಪಕಾರ ದೊಡ್ಡದಾಗಿದ್ದರೆ ಅದನ್ನು ಉಪಕಾರದ ಸಾಲಿನಲ್ಲಿ ಬರೆಯಬೇಕು, ದರವನ್ನು ತಗ್ಗಿಸಿ ಅದರಡಿ ಮುಚ್ಚಿಡಬಾರದು. ಲೆಕ್ಕದಲ್ಲಿ ಎರಡು ಲಕ್ಷ ನಷ್ಟ, ಆದರೂ ಮಾಡುತ್ತೇವೆ, ಏಕೆಂದರೆ ಡಯಾಲಿಸಿಸ್‌ಗೆ ಅರವತ್ತು ಕಿಲೋಮೀಟರ್ ಹೋಗುವವರು ಇಲ್ಲೇ ಮಾಡಿಸಿಕೊಳ್ಳಬಹುದು ಎಂದು ನಡಾವಳಿಯಲ್ಲಿ ಬರೆಯಲು ಯಾವ ಟ್ರಸ್ಟಿಗೂ ಅಂಜಿಕೆ ಬೇಡ.

ಮತ್ತೆ ಹಾವೇರಿಯ ಸಭೆಗೆ. ನಡಾವಳಿ ಪುಸ್ತಕದಲ್ಲಿ ಅಂದು ಬರೆಸಿದ್ದು ನಾಲ್ಕು ಸಾಲು. ದರ ಶೇಕಡಾ 9, ಹಣದುಬ್ಬರ ಸೇರಿದ್ದು. ಚಿನ್ನದ ಸಾಲ ಎಂಟು ತಿಂಗಳು, ಬ್ಯಾಂಕಿನ ಠೇವಣಿ ನಾಲ್ಕು ತಿಂಗಳು ಎಂಬ ಆಧಾರ. ಸಾಲದ ಸಹಾಯಧನವನ್ನು ಪ್ರತ್ಯೇಕ ತೋರಿಸತಕ್ಕದ್ದು. ಪ್ರತಿ ವರ್ಷ ಏಪ್ರಿಲಿನಲ್ಲಿ, ಠೇವಣಿಯ ಬಡ್ಡಿ ನಿಗದಿ ಮಾಡುವ ಸಭೆಯಲ್ಲಿಯೇ, ಈ ದರವನ್ನೂ ಪರಿಶೀಲಿಸತಕ್ಕದ್ದು. ಕೊನೆಯ ಸಾಲು ಅಗತ್ಯ. ಯೋಜನೆ ತಂದ ದಿನವೇ ದರ ಗೊತ್ತುಮಾಡಲು ಕುಳಿತರೆ, ಯೋಜನೆ ಬೇಕಾದವರು ದರವನ್ನು ಇಳಿಸುತ್ತಾರೆ, ಬೇಡವಾದವರು ಏರಿಸುತ್ತಾರೆ.

ಕಾರ್ಯನಿರ್ವಹಣಾಧಿಕಾರಿ ಕಂಪ್ಯೂಟರ್ ತೆರೆದು ಒಂದನ್ನು ಅಳಿಸಿ ಒಂಬತ್ತು ಹಾಕಿದರು. ಹಿರಿಯ ನಿರ್ದೇಶಕರು ಕನ್ನಡಕ ಸರಿಪಡಿಸಿಕೊಂಡು ಪರದೆಯತ್ತ ಬಾಗಿ, "ಜೋಳ ಇಲ್ಲದ ತಿಂಗಳುಗಳಿಗೂ ಒಂದು ಸಾಲು ಹಾಕಪ್ಪ, ಜೂನ್, ಜುಲೈ, ಆಗಸ್ಟ್ ಗೋದಾಮು ಖಾಲಿಯೇ ಇರುತ್ತದೆ" ಎಂದರು. ಆ ಸಾಲು ನನ್ನ ಲೆಕ್ಕದಲ್ಲಿಯೂ ಇರಲಿಲ್ಲ.